ಓದುಗರ ಸ್ಪಂದನ: ಭಾಷಣದ ಮಧ್ಯೆ ಎಳೆ ತಪ್ಪಿದರೆ

ಕಳೆದ ಸಂಚಿಕೆಯ ಸಮಸ್ಯೆ: ಹೊಸನಗರ ಕಡೆಯ ಅಡಿಕೆ ಬೆಳೆಗಾರರೊಬ್ಬರು ಊರಿನ ಸಭೆಯಲ್ಲಿ ಕೊಳೆರೋಗದ ಬಗ್ಗೆ ಮಾತಾಡಲು ನಿಂತಿದ್ದರು. ಆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು ಚಾಕುವಿನಲ್ಲಿ ಪರೀಕ್ಷಿಸುವುದು ಹೇಗೆ ಅಂತ ಹೇಳುತ್ತಿದ್ದಾಗ ಯಾರದೋ ಫೋನು ಹೊಡೆದುಕೊಂಡಿತು. ಮುಂದಿನ ಮಾತು ಮರೆತೇಹೋಯಿತು. ನಾಲ್ಕು ಪುಟ ಬಾಯಿಪಾಠ ಮಾಡಿದ್ದರೂ ಮೂರು ಸಲ ಕ್ಷಮೆ ಕೇಳಿ ಕೂತುಬಿಟ್ಟರು. ಈಗ ಪಕ್ಕದೂರಿನವರು ಅದೇ ವಿಷಯಕ್ಕೆ ಕರೆದಿದ್ದಾರೆ. ಮತ್ತೆ ಹಾಗೇ ಆದರೆ ಏನು ಹೇಳಲಿ ಅಂತ ಕೇಳಿದ್ದರು.

ನಿವೃತ್ತ ಶಿಕ್ಷಕಿ, ತೀರ್ಥಹಳ್ಳಿ

ನಾಲ್ಕು ಪುಟ ಬಾಯಿಪಾಠ ಮಾಡಿದ್ದೆ ಅಂದಿದ್ದೀರಲ್ಲ, ತೊಂದರೆ ಅಲ್ಲೇ ಇದೆ. ಬಾಯಿಪಾಠದಲ್ಲಿ ಒಂದು ವಾಕ್ಯದ ಬಾಲ ಹಿಡಿದು ಇನ್ನೊಂದು ಬರುತ್ತದೆ. ಮಗ್ಗಿ ಒಪ್ಪಿಸುವ ಮಕ್ಕಳನ್ನು ನೋಡಿ. ಏಳೆಂಟ್ಲದಲ್ಲಿ ತಡವರಿಸಿದರೆ ಮತ್ತೆ ಏಳೊಂದ್ಲದಿಂದಲೇ ಶುರುಮಾಡಬೇಕು. ಸಭೆಯಲ್ಲಿ ಹಾಗೆ ಹಿಂದಕ್ಕೆ ಹೋಗಲು ಆಗುವುದಿಲ್ಲ ಅಲ್ವಾ?

ನಿಮ್ಮ ಮಾತನ್ನೇ ತೆಗೆದುಕೊಳ್ಳೋಣ. ಅದರಲ್ಲಿ ನಾಲ್ಕು ಭಾಗ ಇವೆ. ಮಳೆಗಾಲದಲ್ಲಿ ರೋಗ ಹೇಗೆ ಹರಡುತ್ತದೆ, ದ್ರಾವಣ ಹೇಗೆ ಮಾಡಬೇಕು, ಯಾವಾಗ ಹೊಡೆಯಬೇಕು, ಹೊಡೆದ ಮೇಲೂ ರೋಗ ಬಂದರೆ ಏನು ಮಾಡಬೇಕು. ನಾಲ್ಕು ಭಾಗಕ್ಕೆ ಮೂರು ಸಂದು. ನಾನು ಶಾಲೆಯಲ್ಲಿ ಕಂಡ ಹಾಗೆ ಮಕ್ಕಳು ಭಾಗದ ಒಳಗೆ ಮರೆಯುವುದು ಕಡಿಮೆ. ಒಂದು ಭಾಗ ಮುಗಿದು ಇನ್ನೊಂದಕ್ಕೆ ಹೋಗುವಾಗಲೇ ಜಾಸ್ತಿ ಮರೆಯುತ್ತಾರೆ. ಚಾಕುವಿನ ಪರೀಕ್ಷೆ ಎರಡನೇ ಭಾಗದ ಕೊನೆಯ ಮಾತು. ನೀವು ನಿಂತದ್ದೂ ಸಂದಿನ ಹತ್ತಿರವೇ.

ಹಾಗಾಗಿ ಒಂದೊಂದು ಸಂದಿಗೂ ಒಂದು ಸೇತುವೆ ಮಾತು ಬರೆದುಕೊಳ್ಳಿ. ಅರ್ಧ ಮಾತು ಮುಗಿದದ್ದನ್ನು ಹೇಳಬೇಕು, ಉಳಿದರ್ಧ ಮುಂದಿನದನ್ನು ಕರೆಯಬೇಕು. ಎರಡರಿಂದ ಮೂರಕ್ಕೆ ಹೋಗಲು ನಾನಾದರೆ ಹೀಗೆ ಬರೆಯುತ್ತಿದ್ದೆ: ‘ದ್ರಾವಣವೇನೋ ಸರಿಯಾಯಿತು. ಆದರೆ ಮಳೆ ಹಿಡಿದ ಮೇಲೆ ಹೊಡೆದರೆ ಅಷ್ಟೂ ತೊಳೆದುಹೋಗುತ್ತದೆ. ಅದಕ್ಕೆ, ಯಾವಾಗ ಹೊಡೆಯಬೇಕು ಅನ್ನುವುದಕ್ಕೆ ಬರ್ತೀನಿ.’ ಈ ಮೂರು ಸೇತುವೆಗಳು, ಮೊದಲ ಮಾತು, ಕೊನೆಯ ಮಾತು, ಇಷ್ಟು ಮಾತ್ರ ಬಾಯಿಪಾಠ ಮಾಡಿ. ಉಳಿದದ್ದು ನಿಮಗೆ ತೋಟದಲ್ಲೇ ಗೊತ್ತು.

ಇನ್ನು ಮರೆತ ಗಳಿಗೆಗೆ ಬೇಕಾದ ಮಾತು. ಅದು ಸೇತುವೆಯಲ್ಲ, ಸೇತುವೆಯವರೆಗೆ ಕೈಹಿಡಿದು ಕರೆದೊಯ್ಯುವ ಮಾತು. ‘ಕ್ಷಮಿಸಿ, ಮರೆತುಹೋಯಿತು’ ಅಂದರೆ ಜನರ ಗಮನ ಅಡಿಕೆ ಬಿಟ್ಟು ನಿಮ್ಮ ಮೇಲೆ ಬರುತ್ತದೆ. ‘ಏನಪ್ಪಾ ಅಂದ್ರೆ’, ‘ಹೇಳಬೇಕಂದ್ರೆ’ ಅನ್ನುವುದು ಹೊತ್ತು ಕಳೆಯುತ್ತದೆ, ದಾರಿ ತೋರಿಸುವುದಿಲ್ಲ. ಬೇಕಾದದ್ದು ಆ ಭಾಗದ ತಿರುಳನ್ನೇ ಇನ್ನೊಮ್ಮೆ ಹೇಳುವ, ನಿಜವಾದ ಮಾತು. ಅದನ್ನು ಮರುಮಾತು ಅನ್ನೋಣ. ಎರಡನೇ ಭಾಗಕ್ಕೆ ಇದು ಸಾಕು: ‘ಚಾಕುವಿನ ವಿಷಯ ಇನ್ನೊಮ್ಮೆ ಹೇಳ್ತೀನಿ, ನೆನಪಿಟ್ಟುಕೊಳ್ಳಿ. ಅದ್ದಿ ತೆಗೆದ ಚಾಕು ಕೆಂಪಗಾದರೆ ಸುಣ್ಣ ಸಾಲದು ಅಂತ ಅರ್ಥ.’ ಇದನ್ನು ನಿಧಾನವಾಗಿ ಹೇಳಿ. ನೀವು ಮರೆತದ್ದು ಯಾರಿಗೂ ಗೊತ್ತಾಗುವುದಿಲ್ಲ. ಕೇಳಿದವರಿಗೆ ಉಪಯೋಗವೂ ಆಯಿತು. ಅಷ್ಟು ಹೊತ್ತಿಗೆ ಕಣ್ಣು ಚೀಟಿಯ ಮೇಲೆ ಹೋಗಿರುತ್ತದೆ, ಅಲ್ಲಿ ಸೇತುವೆ ಸಿಗುತ್ತದೆ.

ಚೀಟಿ ಅಂದೆನಲ್ಲ, ಪೋಸ್ಟ್ ಕಾರ್ಡಿನಷ್ಟು ದಪ್ಪ ಹಾಳೆ ನಾಲ್ಕು ಸಾಕು. ಒಂದು ಭಾಗಕ್ಕೆ ಒಂದು, ಒಂದೇ ಮಗ್ಗುಲಲ್ಲಿ ಬರೆಯಿರಿ. ಮೇಲೆ ದೊಡ್ಡದಾಗಿ ಸಂಖ್ಯೆ, ನಡುವೆ ನಾಲ್ಕೈದು ಪದ, ಕೆಳಗೆ ಕೆಂಪು ಶಾಯಿಯಲ್ಲಿ ಆ ಭಾಗದ ಮರುಮಾತು, ಅದರಡಿಗೆ ಸೇತುವೆ. ಅದೇ ಸೇತುವೆಯ ಕೊನೆಯ ಪದಗಳು ಮುಂದಿನ ಚೀಟಿಯ ತಲೆಯಲ್ಲೂ ಇರಲಿ. ಪಿನ್ ಹೊಡೆಯಬೇಡಿ. ಮುಗಿದ ಚೀಟಿ ಹಿಂದಕ್ಕೆ ಹೋಗಬೇಕು.

ಅಂಕಿಗಳಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಇದನ್ನು ನೆನಪಿನಿಂದ ಹೇಳಲು ಹೋಗಬೇಡಿ. ಚೀಟಿ ಎತ್ತಿ ಹಿಡಿದು, ಎಲ್ಲರಿಗೂ ಕಾಣುವ ಹಾಗೆ ಓದಿ. ಅಳತೆ ಓದಿ ಹೇಳಿದರೆ ರೈತರು ಜಾಸ್ತಿ ನಂಬುತ್ತಾರೆ, ಕಡಿಮೆಯಲ್ಲ.

ತಾಳಮದ್ದಳೆಯ ಹವ್ಯಾಸಿ ಅರ್ಥಧಾರಿ, ಸಾಗರ ತಾಲ್ಲೂಕು

ನಮ್ಮಲ್ಲಿ ಬರೆದಿಟ್ಟ ಮಾತೇ ಇರುವುದಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ನಾವು ಅದಕ್ಕೆ ಅರ್ಥ ಹೇಳುತ್ತೇವೆ. ಮಾತು ಎಲ್ಲೆಲ್ಲೋ ಹೋಗಿ ದಾರಿ ತಪ್ಪಿದರೆ ನಾನು ಪದ್ಯದ ಕೊನೆಯ ಸಾಲಿಗೆ ಬಂದು ನಿಲ್ಲುತ್ತೇನೆ. ಅದನ್ನು ಮನಸ್ಸಿನಲ್ಲೇ ಅಂದುಕೊಂಡರೆ ಕೆಲಸ ಆಗುವುದಿಲ್ಲ. ಬಾಯಿಬಿಟ್ಟು, ಒಂದೊಂದು ಪದ ಬಿಡಿಸಿ ಹೇಳಿದಾಗ ಮುಂದಿನದು ಕಿವಿಯ ಮೂಲಕ ಬರುತ್ತದೆ. ನೀವೂ ಕಡೆಗೆ ಆಡಿದ ವಾಕ್ಯವನ್ನೇ ಹಾಗೆ ಹೇಳಿ ನೋಡಿ. ಶಿಕ್ಷಕಿಯವರು ಹೇಳಿಕೊಡುವ ಮರುಮಾತುಗಳಿಗಿಂತ ಮೊದಲು ಕೈಗೆ ಸಿಗುವುದು ಇದೇ.

ಅದಕ್ಕೂ ಆಗದಿದ್ದರೆ ಎದುರಿನ ಅರ್ಥಧಾರಿ ನಮ್ಮನ್ನು ಕಾಯುತ್ತಾನೆ. ಒಂದು ಪ್ರಶ್ನೆ ಹಾಕುತ್ತಾನೆ, ಆ ಪ್ರಶ್ನೆಯಲ್ಲೇ ದಾರಿ ಇರುತ್ತದೆ. ನಿಮ್ಮ ಸಭೆಯಲ್ಲೂ ಮುಂದಿನ ಸಾಲಿನಲ್ಲಿ ಒಬ್ಬ ಗೆಳೆಯನನ್ನು ಕೂರಿಸಿ. ಅವನ ಕೈಯಲ್ಲೂ ಅದೇ ನಾಲ್ಕು ಚೀಟಿ ಇರಲಿ. ನೀವು ಅವನ ಮುಖ ನೋಡಿದರೆ ಅವನು ಕೇಳಬೇಕು: ‘ಹಾಗಾದ್ರೆ ಯಾವ ದಿನ ಹೊಡೀಬೇಕು ಮಾರಾಯ್ರೇ?’ ಅಷ್ಟೇ. ವಾಕ್ಯ ಎತ್ತಿಕೊಡಬಾರದು. ಎತ್ತಿಕೊಟ್ಟರೆ ಸಭೆಗೆಲ್ಲ ಗೊತ್ತಾಗುತ್ತದೆ, ನಿಮ್ಮ ಧೈರ್ಯವೂ ಹೋಗುತ್ತದೆ.

ಒಂದು ಭಾಗ ಪೂರ್ತಿ ಬಿಟ್ಟುಹೋಯಿತು ಅನ್ನಿ. ಹಿಂದಕ್ಕೆ ಹೋಗಬೇಡಿ, ಮುಂದಿನ ಸೇತುವೆ ಹತ್ತಿ. ಬಿಟ್ಟದ್ದು ಮುಖ್ಯವಾಗಿದ್ದರೆ ಮುಗಿಸುವ ಮೊದಲು ‘ಒಂದು ಮಾತು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ’ ಅನ್ನಬೇಡಿ. ಅದು ಸುಳ್ಳು. ‘ಆಗಲೇ ಹೇಳಬೇಕಾಗಿದ್ದ ಒಂದು ಮಾತಿದೆ’ ಅನ್ನಿ. ನನಗೆ ಇದು ತುಂಬ ಮುಖ್ಯ ಅನಿಸುತ್ತದೆ. ನಮ್ಮ ಜನ ಮರೆವನ್ನು ಸಹಿಸಿಕೊಳ್ಳುತ್ತಾರೆ, ನಟನೆಯನ್ನು ಸಹಿಸುವುದಿಲ್ಲ.

ಪದವಿ ವಿದ್ಯಾರ್ಥಿನಿ, ಶಿವಮೊಗ್ಗ

ಸರ್, ಎಳೆ ತಪ್ಪಿದರೆ ಸಭೆಗೇ ಪ್ರಶ್ನೆ ಕೇಳಿ ಅಂತ ಯಾರಾದರೂ ಹೇಳಬಹುದು. ನಾನು ಒಂದು ಸ್ಪರ್ಧೆಯಲ್ಲಿ ಹಾಗೆ ಮಾಡಿದೆ. ‘ನಿಮಗೇನನಿಸುತ್ತದೆ?’ ಅಂದೆ. ಯಾರೂ ಮಾತಾಡಲಿಲ್ಲ. ನಾನೂ ಸುಮ್ನೆ ನಿಂತೆ, ಮೌನ ಇನ್ನೂ ಉದ್ದವಾಯಿತು. ಪ್ರಶ್ನೆ ಕೇಳುವುದಾದರೆ ಕೈ ಎತ್ತಿ ಉತ್ತರಿಸುವಂಥದ್ದು ಕೇಳಿ. ‘ಹೋದ ಮಳೆಗಾಲದಲ್ಲಿ ಯಾರ ತೋಟಕ್ಕೆ ಕೊಳೆ ಬಂದಿತ್ತು, ಕೈ ಎತ್ತಿ’ ಅಂದರೆ ಕೈಗಳನ್ನು ನೋಡುವ ನೆಪದಲ್ಲಿ ಚೀಟಿ ನೋಡಲು ಸಮಯ ಸಿಗುತ್ತದೆ. ಎಷ್ಟು ಕೈ ಎದ್ದರೂ ಮುಂದಿನ ಮಾತಿಗೆ ಅದು ಹೊಂದುವಂತಿರಬೇಕು. ಇದು ನಿಮ್ಮ ನಾಲ್ಕನೇ ಭಾಗಕ್ಕೆ ಚೆನ್ನಾಗಿ ಹೊಂದುತ್ತದೆ.

ಮರುಮಾತು ಬರೆದಿಟ್ಟರಷ್ಟೇ ಆಗುವುದಿಲ್ಲ, ತಪ್ಪುವುದನ್ನೇ ಅಭ್ಯಾಸ ಮಾಡಬೇಕು. ಆ ಸ್ಪರ್ಧೆ ಆದ ಮೇಲೆ ನಾನು ಅಡುಗೆಮನೆಯಲ್ಲಿ ನಿಂತು ಮಾತಾಡುತ್ತಿದ್ದೆ. ಅಮ್ಮ ಅಕ್ಕಿರೊಟ್ಟಿ ತಟ್ಟುತ್ತಾ ಯಾವಾಗ ಬೇಕೋ ಆವಾಗ ಲಟ್ಟಣಿಗೆಯಿಂದ ಡಬ್ಬಕ್ಕೆ ಬಡಿಯುತ್ತಿದ್ದರು. ಸದ್ದಾದ ತಕ್ಷಣ ವಾಕ್ಯ ಅರ್ಧಕ್ಕೇ ಬಿಡಬೇಕು. ಒಮ್ಮೆ ಉಸಿರೆಳೆದುಕೊಂಡು ಆ ಭಾಗದ ಮರುಮಾತು ಹೇಳಿ, ಸೇತುವೆ ಹತ್ತಿ ಮುಂದಕ್ಕೆ ಹೋಗಬೇಕು. ಮೊದಲ ದಿನ ನನ್ನ ಮೂರನೇ ಭಾಗದಲ್ಲಿ ಪ್ರತಿಸಲ ಸಿಕ್ಕಿಹಾಕಿಕೊಂಡೆ. ನೋಡಿದರೆ ಆ ಭಾಗದ ಮರುಮಾತು ತುಂಬ ಉದ್ದವಾಗಿತ್ತು, ಎರಡು ಉಸಿರು ಬೇಕಾಗುತ್ತಿತ್ತು. ಒಂದೇ ಉಸಿರಿಗೆ ಇಳಿಸಿದೆ. ನಿಮ್ಮ ಮನೆಯಲ್ಲೂ ಯಾರಾದರೂ ಒಬ್ಬರ ಫೋನಿಗೆ ಇನ್ನೊಬ್ಬರು ಆಗಾಗ ರಿಂಗ್ ಕೊಡಲಿ. ಆವತ್ತು ನಿಮ್ಮನ್ನು ನಿಲ್ಲಿಸಿದ್ದೂ ಆ ಸದ್ದೇ ತಾನೆ?