ಖಾಲಿ ದೃಶ್ಯ ಕಳೆದರೂ ಗೋಡೆ ಉಳಿಯುತ್ತದೆ: ಪ್ರಶ್ನೋತ್ತರ

ಸುಮಾ, ಡೊಂಬಿವಲಿ: ಮಗಳ ಯಕ್ಷಗಾನದ ವೇಷವನ್ನು ಮನೆಯಲ್ಲಿಯೇ ಚಿತ್ರೀಕರಿಸಿ, ಅವಳು ಪಕ್ಕಕ್ಕೆ ಸರಿದ ಬಳಿಕ ಖಾಲಿ ಕೋಣೆಯನ್ನೂ ತೆಗೆದೆ. ಹಿನ್ನೆಲೆ ಅಳಿಸಿ ಅವಳನ್ನಷ್ಟೇ ಉಳಿಸಿಕೊಳ್ಳಲು ಒಂದರಿಂದ ಇನ್ನೊಂದನ್ನು ಕಳೆದಾಗ ಗೋಡೆ ಅಳಿಯಲಿಲ್ಲ, ಆದರೆ ಕಪ್ಪು ದಗಲೆಯ ತೋಳು ಅಳಿದುಹೋಯಿತು. ಏಕೆ ಸರ್?

ರಾಘವೇಂದ್ರ (ಕಂಪೋಸಿಟರ್, ಅಂಧೇರಿ): ನೀವು ಹಾಕಿದ ಎರಡೂ ಫ್ರೇಮುಗಳನ್ನು ಅಳೆದು ನೋಡಿದೆ. ಮಗಳು ಒಮ್ಮೆಯೂ ಸುಳಿಯದ ಎಡ ಮೇಲ್ಮೂಲೆಯಲ್ಲಿ ಗೋಡೆಯ ಬೆಳಕಿನ ಮೌಲ್ಯ ಖಾಲಿ ಚಿತ್ರದಲ್ಲಿ 148, ವೇಷವಿರುವ ಚಿತ್ರದಲ್ಲಿ 163. ಕಪ್ಪು ವೇಷ ಎದುರಿಗೆ ಬಂದೊಡನೆ ಫೋನು ತಾನಾಗಿಯೇ ಬೆಳಕು ಏರಿಸಿದೆ. ಕಳೆಯುವ ಲೆಕ್ಕಕ್ಕೆ ಇಡೀ ಗೋಡೆ ಬದಲಾದಂತೆಯೇ ಕಾಣುತ್ತದೆ. ಗುಣಿಸಿ ಹೊಂದಿಸಬಹುದು, ಆದರೆ ಫೋನು ಕಪ್ಪನ್ನೂ ಬಿಳಿಯನ್ನೂ ಒಂದೇ ಪ್ರಮಾಣದಲ್ಲಿ ಏರಿಸದ ಕಾರಣ ಒಂದೇ ಗುಣಕ ಎಲ್ಲೆಡೆ ಒಪ್ಪುವುದಿಲ್ಲ.

ತೋಳಿನ ಸಂಗತಿ ಇದಕ್ಕಿಂತ ಕಷ್ಟದ್ದು. ತೋಳು 31, ಅದರ ಹಿಂದಿನ ಮರದ ಕಪಾಟು 27; ಅಂತರ ಬರೀ 4, ಆ ಕತ್ತಲ ಭಾಗದ ನಾಯ್ಸೇ 5ರಷ್ಟು ಕುಣಿಯುತ್ತಿದೆ. ಇಷ್ಟಕ್ಕಿಂತ ಹೆಚ್ಚು ಅಂತರವಿದ್ದರೆ ಅದು ವೇಷ ಎಂದು ಅಲ್ಲಿ ಯಾವ ಮಿತಿ ಇಟ್ಟರೂ ತೋಳು ಸಿಗದು. ಆ ತುಂಡನ್ನು ಕೈಯಿಂದಲೇ ಗೆರೆ ಎಳೆದು ಉಳಿಸಿಕೊಳ್ಳಿ.

ಮತ್ತೆ ತೆಗೆಯುವುದಾದರೆ ಕಪಾಟಿಗೆ ತಿಳಿಬಣ್ಣದ ಸೀರೆ ಹೊದಿಸಿ, ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಬೀಗ ಹಾಕಿ, ಟ್ಯೂಬ್‌ಲೈಟ್ ಮಿನುಗದಂತೆ ಶಟರ್ 1/50 ಇಡಿ. ಖಾಲಿ ದೃಶ್ಯವನ್ನು ಒಂದು ಫ್ರೇಮಿಗೆ ನಿಲ್ಲಿಸದೆ 60 ಫ್ರೇಮು ತೆಗೆದು ಅವುಗಳ ಮಧ್ಯಮ ಮೌಲ್ಯ ಬಳಸಿದರೆ ಖಾಲಿ ಚಿತ್ರದ ಕಡೆಯ ನಾಯ್ಸಾದರೂ ಇಳಿಯುತ್ತದೆ:

```python
bg = np.median(frames, axis=0).astype(np.uint8)
diff = cv2.absdiff(shot, bg)
mask = diff.max(axis=2) > 18
```

18 ನಿಮ್ಮ ಕೋಣೆಗೆ ಹೊಂದದಿರಬಹುದು. ಇನ್ನೊಂದು ಖಾಲಿ ಫ್ರೇಮನ್ನು `shot` ಜಾಗದಲ್ಲಿಟ್ಟು, `mask` ಬಹುತೇಕ ಕಪ್ಪಾಗುವವರೆಗೆ ಅದನ್ನು ಏರಿಸಿ.

ದಿನೇಶ್, ಠಾಣೆ: ಇಷ್ಟೆಲ್ಲ ಏಕೆ? ಮಿತಿ 40 ಮಾಡಿ, ಮೇಲೆ ಬ್ಲರ್ ಹಾಕಿದರೆ ಚುಕ್ಕೆಗಳೆಲ್ಲ ಹೋಗುತ್ತವೆ ಎಂದು ನನಗೆ ಬಂದ ಫಾರ್ವರ್ಡ್‌ನಲ್ಲಿದೆ.

ರಾಘವೇಂದ್ರ: ಚುಕ್ಕೆಗಳು ಹೋಗುತ್ತವೆ, ನಿಜ, ಜತೆಗೆ ಗೋಡೆಯ ಬಣ್ಣಕ್ಕೆ ಹತ್ತಿರವಾದ ಕೆನ್ನೆಯೂ ಹೋಗುತ್ತದೆ. ಈ ಫಾರ್ವರ್ಡ್ ಇಲ್ಲಿಗೆ ಬಂದದ್ದು ಇದು ಮೂರನೆಯ ಸಲ. ದಯವಿಟ್ಟು ಸಾಕು ಮಾಡಿ.

ಪ್ರಭಾಕರ, ಮಾಪುಸಾ: ನನ್ನ ಅಂಗಡಿಯ ಸಿಸಿಟಿವಿಯಲ್ಲಿ ರಾತ್ರಿ ಜೇಡ ಓಡಾಡಿದರೂ ಅಲಾರಂ ಹೊಡೆಯುತ್ತದೆ. ಅದಕ್ಕೂ ಇದೇ ಉಪಾಯವೇ?

ದಿನೇಶ್, ಠಾಣೆ: ಹಸಿರು ಬಟ್ಟೆ ಕಟ್ಟಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಸುಮಾ, ಡೊಂಬಿವಲಿ: ವೇಷದ ಕಸೆಯಲ್ಲಿಯೇ ಹಸಿರು ಚೌಕಳಿಯಿದೆ ದಿನೇಶ್ ಅವರೇ. ಚಿತ್ರ ನೋಡಿ ಬರೆಯಬಹುದಿತ್ತು.

ದಿನೇಶ್, ಠಾಣೆ: ನೀಲಿ ಬಟ್ಟೆಯೂ ಸಿಗುತ್ತದೆ. ಸಲಹೆ ಬೇಡವಾದರೆ ಗುಂಪಿನಲ್ಲಿ ಕೇಳಬಾರದು.

ವಿದ್ಯಾ, ಪುಣೆ: ಖಾಲಿ ದೃಶ್ಯವನ್ನು ಮರುದಿನ ತೆಗೆದರೆ ನಡೆಯುತ್ತದೆಯೇ?

ರಾಘವೇಂದ್ರ: ಇಲ್ಲ.

ವಿದ್ಯಾ, ಪುಣೆ: ಟ್ರೈಪಾಡ್ ಕದಲಿಸದಿದ್ದರೂ?

ರಾಘವೇಂದ್ರ: ಕಿಟಕಿಯ ಬೆಳಕು ಕದಲುತ್ತದಲ್ಲ.

ಸುಮಾ, ಡೊಂಬಿವಲಿ: ಬೀಗ ಹಾಕಿ ಮತ್ತೆ ತೆಗೆದೆ, ಗೋಡೆ ಅಳಿಯಿತು. ಆದರೆ ಕೆಲವು ಫ್ರೇಮುಗಳಲ್ಲಿ ಕಪಾಟಿನ ಅಂಚು, ಬಾಗಿಲಿನ ಅಂಚು ಮಾತ್ರ ತೆಳ್ಳಗೆ ಗೆರೆಯಾಗಿ ಮೂಡುತ್ತಿವೆ.

ರಾಘವೇಂದ್ರ: ಅಂಚುಗಳು ಮಾತ್ರ ಮೂಡಿದರೆ ಕ್ಯಾಮರಾ ಒಂದು ಪಿಕ್ಸೆಲಿನಷ್ಟಾದರೂ ಅಲುಗಿದೆ ಎಂದೇ ಅರ್ಥ. ಮನೆ ರೈಲು ಹಳಿಯ ಪಕ್ಕದಲ್ಲಿದೆಯೇ?

ಸುಮಾ, ಡೊಂಬಿವಲಿ: ಕಿಟಕಿಯಿಂದ ಫಾಸ್ಟ್ ಲೋಕಲ್ ಕಾಣುತ್ತದೆ. ನೆಲದ ಮೇಲಿನ ಅವಳ ನೆರಳೂ ಉಳಿದಿದೆ, ಅದಕ್ಕೇನು ಮಾಡಲಿ?

ದಿನೇಶ್, ಠಾಣೆ: ಬ್ಲರ್.