ದೊಡ್ಡ ದೇವಶಾಸ್ತ್ರ ಗ್ರಂಥವನ್ನು 2 ಪುಟಕ್ಕೆ ಇಳಿಸಿದವರು ಯಾರಾದರೂ ಇದ್ದೀರಾ?

ಸೆಮಿನಾರ್ ಸರದಿ ನನ್ನದು
ಮಧ್ಯಯುಗದ ಕ್ರೈಸ್ತ ಚಿಂತಕ ಅನ್ಸೆಲ್ಮ್‌ನ ‘ಕುರ್ ದೇಉಸ್ ಹೋಮೋ’ ಮೇಲೆ ಸೆಮಿನಾರ್ ಇದೆ. ದೇವರು ಯಾಕೆ ಮನುಷ್ಯನಾದ ಅನ್ನೋ ಗ್ರಂಥ. ಚರ್ಚೆಗೆ ಮೊದಲು 2 ಪುಟದ ಸಾರಾಂಶ ಹಂಚಬೇಕು. ಅಧ್ಯಾಯಕ್ಕೆ ಎರಡೆರಡು ಸಾಲು ಅಂತ ಬರೆಯುತ್ತಾ ಹೋದೆ, ಬೆಳೆಯುತ್ತಲೇ ಇದೆ. ಓದಿ ನೋಡಿದರೆ ವಾದ ಎಲ್ಲಿದೆ ಅಂತ ನನಗೇ ಕಾಣ್ತಿಲ್ಲ. ನೀವೆಲ್ಲ ಹೇಗೆ ಮಾಡಿದ್ರಿ?

ಅಡ್ಡದಾರಿ
ಅದು ಗುರು-ಶಿಷ್ಯರ ಸಂಭಾಷಣೆ ಅಲ್ವಾ? ಬೋಸೊ ಕೇಳುತ್ತಾನೆ, ಅನ್ಸೆಲ್ಮ್ ಹೇಳುತ್ತಾನೆ. ಬೋಸೊನ ಮಾತೆಲ್ಲ ಹೊಡೆದು ಹಾಕಿ. ಗುರುವಿನ ಉತ್ತರ ಮಾತ್ರ ಇಟ್ಟುಕೊಳ್ಳಿ. ಬಹಳಷ್ಟು ಅಲ್ಲೇ ಇಳಿಯುತ್ತದೆ.

ಹಳೇ ಮೇಷ್ಟ್ರು
ಹೊಡೆದು ಹಾಕುವ ಮೊದಲು ಮೊದಲನೇ ಭಾಗದ 7ನೇ ಅಧ್ಯಾಯ ನೋಡಿ. ಸೈತಾನನಿಗೆ ಮನುಷ್ಯನ ಮೇಲೆ ಹಕ್ಕಿತ್ತು, ದೇವರು ಆ ಹಕ್ಕಿಗೆ ಬೆಲೆ ಕೊಟ್ಟು ಬಿಡಿಸಿಕೊಂಡ ಅನ್ನುವುದು ಆಗ ಎಲ್ಲೆಡೆ ಇದ್ದ ವಿವರಣೆ. ಅದನ್ನು ಈ ಗ್ರಂಥ ತಳ್ಳಿಹಾಕುತ್ತದೆ. ಆದರೆ ತಳ್ಳಿಹಾಕುವ ಮಾತು ಆಡುವವನು ಬೋಸೊ. ಅವನನ್ನು ತೆಗೆದರೆ ಗ್ರಂಥದ ಒಂದು ದೊಡ್ಡ ಹೆಜ್ಜೆಯೇ ಹೋಯಿತು. ಹಾಗಂತ ಅವನ ಎಲ್ಲ ಮಾತೂ ಬೇಕಿಲ್ಲ. ‘ಹೌದು, ಒಪ್ಪಿದೆ’ ಅನ್ನುವ ಜಾಗಗಳಿಂದ ಕೊನೆಗೆ ಏನು ಒಪ್ಪಿಗೆಯಾಯಿತು ಅನ್ನುವುದಷ್ಟೇ ಸಾಕು. ಯಾರು ಹೇಳಿದರು ಅನ್ನುವುದನ್ನು ಬಿಟ್ಟು, ಆ ಮಾತು ಮುಂದೆ ಯಾವುದಕ್ಕೆ ಆಧಾರ ಅಂತ ನೋಡಿ.

ಅಧ್ಯಾಯಕ್ಕೆ ಎರಡು ಸಾಲು ಅನ್ನುವ ಲೆಕ್ಕವನ್ನು ಮೊದಲು ಬಿಡಿ. ಮೊದಲ ಭಾಗದಲ್ಲಿ 25, ಎರಡನೆಯದರಲ್ಲಿ 22 ಅಧ್ಯಾಯ ಇವೆ. ಎಲ್ಲಕ್ಕೂ ಸಮ ಜಾಗ ಕೊಟ್ಟರೆ ವಿಷಯಸೂಚಿ ಆಗುತ್ತದೆ. ಅನ್ಸೆಲ್ಮ್ ಇದನ್ನು 1098ರಲ್ಲಿ ಮುಗಿಸಿ ಒಂದು ಮುನ್ನುಡಿ ಇಟ್ಟ. ಕ್ರಿಸ್ತನ ಬಗ್ಗೆ ಏನೂ ಗೊತ್ತಿಲ್ಲ ಅಂದುಕೊಂಡು, ಅವನಿಲ್ಲದೆ ಯಾರಿಗೂ ಉದ್ಧಾರವಿಲ್ಲ ಅಂತ ತರ್ಕದಿಂದ ತೋರಿಸುವುದು ಮೊದಲ ಭಾಗ. ಹಾಗೇ ಏನೂ ಗೊತ್ತಿಲ್ಲ ಅಂದುಕೊಂಡೇ, ಮನುಷ್ಯ ಯಾತಕ್ಕೆ ಸೃಷ್ಟಿಯಾದನೋ ಅದು ದೇವರೂ ಮನುಷ್ಯನೂ ಆದವನಿಂದಲೇ ಈಡೇರಬೇಕು ಅಂತ ತೋರಿಸುವುದು ಎರಡನೆಯದು. ಇದು ಅವನೇ ಕೊಟ್ಟ ಸಾರಾಂಶ. ನಿಮ್ಮ ಬರಹದ ಮೊದಲ ಎರಡು ವಾಕ್ಯ ಅಲ್ಲೇ ಸಿಕ್ಕಿತು.

ಆಮೇಲೆ ಕೊನೆಯಿಂದ ಹಿಂದಕ್ಕೆ ಹೋಗಿ. ತೀರ್ಮಾನ ಎರಡನೇ ಭಾಗದ 6ನೇ ಅಧ್ಯಾಯದಲ್ಲಿದೆ: ಪಾಪಕ್ಕೆ ಪರಿಹಾರ ಕೊಡಬಲ್ಲವನು ದೇವರೊಬ್ಬನೇ, ಕೊಡಬೇಕಾದವನು ಮನುಷ್ಯ, ಹಾಗಾಗಿ ಎರಡೂ ಆದವನೇ ಬೇಕು. ಈಗ ಕೇಳಿಕೊಳ್ಳಿ, ಮನುಷ್ಯನಿಗೆ ಯಾಕೆ ಆಗುವುದಿಲ್ಲ? ಉತ್ತರ ಮೊದಲ ಭಾಗದ 20 ಮತ್ತು 21ರಲ್ಲಿ. ಪಶ್ಚಾತ್ತಾಪ, ಉಪವಾಸ, ವಿಧೇಯತೆ ಎಲ್ಲ ಕೊಡುತ್ತೇನೆ ಅಂತಾನೆ ಬೋಸೊ. ಪಾಪ ಮಾಡದಿದ್ದರೂ ಅವು ನೀನು ಕೊಡಲೇಬೇಕಾದ್ದು ಅಂತಾನೆ ಅನ್ಸೆಲ್ಮ್. ಸರಿ, ಪರಿಹಾರ ಯಾಕೆ ಬೇಕು, ಸುಮ್ನೆ ಕ್ಷಮಿಸಿದರೆ ಆಗದೇ? ಅದು 12ರಲ್ಲಿ. ಪಾಪ ಅಂದರೇನು? 11ರಲ್ಲಿ: ದೇವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸದಿರುವುದು. ಹೀಗೆ ಪ್ರಶ್ನೆ ಕೇಳುತ್ತಾ ಹಿಂದಕ್ಕೆ ಬಂದಾಗ ಸಿಗುವ ಅಧ್ಯಾಯಗಳೇ ಬೆನ್ನೆಲುಬು. ಸಿಗದವಕ್ಕೆ ಒಂದು ಸಾಲು ಸಾಕು, ಕೆಲವಕ್ಕೆ ಅದೂ ಬೇಡ.

ಒಂದನ್ನು ಮಾತ್ರ ಕಳೆದುಕೊಳ್ಳಬೇಡಿ. ಮೊದಲ ಭಾಗದ 10ನೇ ಅಧ್ಯಾಯದಲ್ಲಿ ಇಬ್ಬರೂ ಒಂದು ಒಪ್ಪಂದಕ್ಕೆ ಬರುತ್ತಾರೆ. ದೇವರ ವಿಷಯದಲ್ಲಿ ತುಸು ಹೊಂದದ್ದನ್ನೂ ಒಪ್ಪುವುದಿಲ್ಲ, ಸಣ್ಣ ಕಾರಣವಾದರೂ ಅದಕ್ಕಿಂತ ಬಲವಾದದ್ದು ಎದುರು ಬರುವ ತನಕ ಬಿಡುವುದಿಲ್ಲ ಅಂತ. ಮುಂದಿನ ‘ಅನಿವಾರ್ಯ’ಗಳೆಲ್ಲ ಈ ಷರತ್ತಿನ ಮೇಲೆ ನಿಂತಿವೆ. ಇದನ್ನು ಬಿಟ್ಟು ‘ಅನಿವಾರ್ಯ ಅಂತ ಸಾಧಿಸುತ್ತಾನೆ’ ಅಂತ ಬರೆದರೆ, ಸೆಮಿನಾರ್‌ನಲ್ಲಿ ಮೊದಲ ಏಟು ಅಲ್ಲೇ ಬೀಳುತ್ತದೆ.

ಭಾಷ್ಯ ಓದುವವ
ನನ್ನದು ಬೇರೆ ಕಥೆ. ನಾನು ಬ್ರಹ್ಮಸೂತ್ರಕ್ಕೆ ಶಂಕರರ ಭಾಷ್ಯ ಇಳಿಸುತ್ತಿದ್ದೇನೆ. ಅಲ್ಲಿ ಪೂರ್ವಪಕ್ಷ, ಅಂದರೆ ಎದುರಾಳಿಯ ವಾದ, ಎಷ್ಟು ಜೋರಾಗಿ ಬರುತ್ತದೆ ಅಂದರೆ, ಅದೇ ಶಂಕರರ ಮಾತು ಅಂತ ಅರ್ಧ ಪುಟ ಬರೆದುಕೊಂಡವರನ್ನು ನೋಡಿದ್ದೇನೆ. ಭಾರತೀತೀರ್ಥರು ವೈಯಾಸಿಕ ನ್ಯಾಯಮಾಲೆಯಲ್ಲಿ ಈ ಕೆಲಸ ಮಾಡಿಟ್ಟಿದ್ದಾರೆ. ಸಾಮಾನ್ಯವಾಗಿ ಒಂದು ಅಧಿಕರಣಕ್ಕೆ, ಅಂದರೆ ಒಂದು ವಿಷಯದ ಚರ್ಚೆಗೆ, ಎರಡು ಶ್ಲೋಕ, ಒಂದರಲ್ಲಿ ಸಂಶಯ ಮತ್ತು ಪೂರ್ವಪಕ್ಷ, ಇನ್ನೊಂದರಲ್ಲಿ ಸಿದ್ಧಾಂತ. ನೀವೂ ಎರಡು ಕಾಲಂ ಮಾಡಿ, ಆಕ್ಷೇಪ ಎಡಕ್ಕೆ, ಉತ್ತರ ಬಲಕ್ಕೆ.

ಹಳೇ ಮೇಷ್ಟ್ರು
ಭಾಷ್ಯಕ್ಕೆ ಒಳ್ಳೆಯ ದಾರಿ. ಇಲ್ಲಿ ಪೂರ್ತಿ ಹೊಂದಲ್ಲ. ಬೋಸೊ ಎದುರಾಳಿ ಅಲ್ಲ. ನಂಬದವರ ಆಕ್ಷೇಪ ತರುತ್ತಾನೆ, ಅಷ್ಟೇ, ತಾನು ನಂಬಿದವನೇ. ಅವನ ಕೆಲವು ಮಾತು ಎಡಕ್ಕೆ ಹೋಗುತ್ತದೆ, ಕೆಲವು ಬಲಕ್ಕೆ. ನಾನು ಆಗಲೇ ಹೇಳಿದ 7ನೇ ಅಧ್ಯಾಯ ಬಲದ್ದು.

ಸೆಮಿನಾರ್ ಸರದಿ ನನ್ನದು
ಹಿಂದಿನಿಂದ ಬಂದು ಹೊಸದಾಗಿ ಬರೆದೆ ಸರ್. ನೋಡಿ: ‘ಮನುಷ್ಯ ಶಾಶ್ವತ ಸುಖಕ್ಕಾಗಿ ಸೃಷ್ಟಿಯಾದ. ಪಾಪ ಮಾಡಿ ದೇವರಿಗೆ ಸಲ್ಲಬೇಕಾದ ಗೌರವ ಕಸಿದ. ಸುಮ್ನೆ ಕ್ಷಮಿಸಿದರೆ ವ್ಯವಸ್ಥೆ ಕೆಡುತ್ತದೆ. ಪರಿಹಾರ ಕೊಡುವಷ್ಟು ಮನುಷ್ಯನ ಬಳಿ ಇಲ್ಲ. ಆದ್ದರಿಂದ ದೇವ-ಮನುಷ್ಯನಾದ ಕ್ರಿಸ್ತ ನಮ್ಮ ಬದಲಿಗೆ ಶಿಕ್ಷೆ ಅನುಭವಿಸಿದ.’

ಹಳೇ ಮೇಷ್ಟ್ರು
ಕೊನೆಯ ವಾಕ್ಯದ ತನಕ ಚೆನ್ನಾಗಿದೆ. ಕೊನೆಯದು ಅನ್ಸೆಲ್ಮ್ ಅಲ್ಲ. ಬದಲಿ ಶಿಕ್ಷೆಯ ವಿಚಾರವನ್ನು ಬೆಳೆಸಿದವರು 16ನೇ ಶತಮಾನದ ಸುಧಾರಕರು. ನಮ್ಮ ಕಿವಿಗೆ ಅದೇ ರೂಢಿ, ಅದಕ್ಕೇ ಕೈ ತಾನಾಗಿ ಬರೆದುಬಿಡುತ್ತದೆ. ಮೊದಲ ಭಾಗದ 15ನೇ ಅಧ್ಯಾಯ ಹೇಳುವುದು ಪರಿಹಾರ ಇಲ್ಲವೇ ಶಿಕ್ಷೆ ಅಂತ, ಎರಡರಲ್ಲಿ ಒಂದು. ಶಿಕ್ಷೆಯಾದರೆ ಮನುಷ್ಯನ ಸುಖ ಹೋಯಿತು, ದೇವರ ಉದ್ದೇಶ ಅರ್ಧಕ್ಕೆ ನಿಂತಿತು. ಅದಾಗದೆ ಇರಲಿ ಅಂತಲೇ ಪರಿಹಾರ. ಪಾಪವಿಲ್ಲದ ಕ್ರಿಸ್ತ ಸಾಯಬೇಕಾಗಿರಲಿಲ್ಲ. ಕೊಡಬೇಕಿಲ್ಲದ ಜೀವವನ್ನು ಮನಸಾರೆ ಕೊಟ್ಟ. ಅದಕ್ಕೆ ಸಲ್ಲುವ ಪ್ರತಿಫಲ ಅವನಿಗೆ ಬೇಕಿಲ್ಲ, ಮನುಷ್ಯರಿಗೆ ಸೇರುತ್ತದೆ. ಇದು ಎರಡನೇ ಭಾಗದ 11 ಮತ್ತು 19ರಲ್ಲಿದೆ. ‘ಬದಲಿಗೆ ಶಿಕ್ಷೆ’ ಅಂತ ಬರೆದರೆ ಆ ‘ಇಲ್ಲವೇ’ ಅನ್ನುವುದೇ ಅಳಿಸಿಹೋಗುತ್ತದೆ.

ಇನ್ನೊಂದು. ‘ಗೌರವ ಕಸಿದ’ ಅಂತ ಬರೆದಿದ್ದೀರಿ. ಅನ್ಸೆಲ್ಮ್ ಹಾಗೆ ಹೇಳುವುದು ನಿಜ. ಆದರೆ ದೇವರ ಗೌರವ ದೇವರ ಮಟ್ಟಿಗೆ ಕಡಿಮೆಯಾಗಲಾರದು ಅಂತಲೂ ಅದೇ 15ರಲ್ಲಿ ಹೇಳುತ್ತಾನೆ. ‘ಮನುಷ್ಯ ತನ್ನ ಕಡೆಯಿಂದ’ ಅಂತ ಸೇರಿಸಿದರೆ ಸಾಕು. ಮೂರೇ ಪದ, ದೊಡ್ಡ ಜಗಳ ತಪ್ಪುತ್ತದೆ.

ಅಡ್ಡದಾರಿ
ಬೋಸೊ ವಿಷಯ ಒಪ್ಪಿದೆ. ಆದರೆ ಮೊದಲ ಭಾಗದ 16ರಿಂದ 18ರವರೆಗೆ ದೇವದೂತರ ಲೆಕ್ಕ ಇದೆಯಲ್ಲ, ಬಿದ್ದವರ ಜಾಗ ಮನುಷ್ಯರಿಂದ ತುಂಬುವುದು. 18 ಅಂತೂ ಮುಗಿಯುವುದೇ ಇಲ್ಲ. ಅದನ್ನಾದರೂ ಪೂರ್ತಿ ಬಿಡಬಹುದಾ?

ಹಳೇ ಮೇಷ್ಟ್ರು
ನಾನು ಒಂದು ಸಾಲು ಇಡುತ್ತೇನೆ. ಲೆಕ್ಕ ಬೇಡ, ಆದರೆ ಮನುಷ್ಯರಲ್ಲಿ ಕೆಲವರಾದರೂ ಸ್ವರ್ಗದ ಆ ಪೂರ್ಣ ನಗರ ಸೇರಲೇಬೇಕು ಅನ್ನುವುದರಿಂದಲೇ 19ನೇ ಅಧ್ಯಾಯ ಶುರುವಾಗುತ್ತದೆ. ಪರಿಹಾರವಿಲ್ಲದೆ ಅವರು ಅಲ್ಲಿಗೆ ಸೇರಲಾರರು ಅನ್ನುವುದು ಅಲ್ಲಿನ ಮಾತು.

ಭಾಷ್ಯ ಓದುವವ
ನನಗೆ ಹಾಗನ್ನಿಸಲ್ಲ. ಮನುಷ್ಯ ಸುಖಕ್ಕಾಗಿ ಸೃಷ್ಟಿಯಾದ ಅನ್ನುವುದು 10ರ ಒಪ್ಪಂದದಲ್ಲೇ ಬಂದಿದೆ. ಎರಡನೇ ಭಾಗದ ಶುರುವಿನಲ್ಲೂ ಬರುತ್ತದೆ. ದೇವದೂತರನ್ನು ಬಿಟ್ಟರೂ ವಾದ ನಿಲ್ಲುತ್ತದೆ.

ಹಳೇ ಮೇಷ್ಟ್ರು
ನಿಲ್ಲಬಹುದು. ಆಗ ಅದು ನೀವು ರಿಪೇರಿ ಮಾಡಿದ ವಾದ, ಅವನು ಬರೆದದ್ದಲ್ಲ.

ಸೆಮಿನಾರ್ ಸರದಿ ನನ್ನದು
ಸದ್ಯಕ್ಕೆ ಒಂದು ಸಾಲು ಇಟ್ಟಿದ್ದೇನೆ, ಪಕ್ಕದಲ್ಲಿ ಅಧ್ಯಾಯದ ಸಂಖ್ಯೆ ಹಾಕಿ. ಈ ಕೊನೆಯ ಪ್ರಶ್ನೆಯನ್ನೇ ಪುಟದ ಕೆಳಗೆ ಚರ್ಚೆಗೆ ಹಾಕ್ತೀನಿ.