ಲೀಡ್ 112: ಫಾಲೋ ಆನ್ ಕೊಡುವುದಾ, ಡಿಕ್ಲೇರ್ ಮಾಡುವುದಾ?

ಪ್ರಶ್ನೆ (ಕಾಸರಗೋಡು): ಮೂರು ದಿನದ ಪಂದ್ಯ. ಮೊದಲ ದಿನ ಮಳೆಗೆ ಒಂದು ಬಾಲೂ ಆಗಲಿಲ್ಲ. ನಾವು 214, ಅವರು 102ಕ್ಕೆ ಆಲೌಟ್. ಕೊನೆಯ ದಿನ, 60 ಓವರ್ ಬಾಕಿ. ಫಾಲೋ ಆನ್ ಕೊಡಬಹುದಾ? ಕೊಡುವುದು ಒಳ್ಳೆಯದಾ?

ಕುಂಬಳೆ: ಆಗುವುದಿಲ್ಲ. ಮೂರು-ನಾಲ್ಕು ದಿನದ ಪಂದ್ಯಕ್ಕೆ 150 ಲೀಡ್ ಬೇಕು, ಟೆಸ್ಟಿಗೆ 200.

ಬದಿಯಡ್ಕ: ಲೆಕ್ಕ ಸರಿ, ಆದರೆ ಇಲ್ಲಿಗಲ್ಲ ಮಾರಾಯ್ರೆ. ಮೊದಲ ದಿನ ಆಟವೇ ಶುರುವಾಗದಿದ್ದರೆ ಉಳಿದ ದಿನಗಳನ್ನಷ್ಟೇ ಲೆಕ್ಕ ಹಿಡಿಯಬೇಕು. ಈಗ ಇದು ಎರಡು ದಿನದ ಪಂದ್ಯ, 100 ಸಾಕು. ಮೊದಲ ದಿನ ಸಂಜೆ ಒಂದು ಓವರ್ ಶುರುವಾಗಿದ್ದರೂ 150 ಬೇಕಿತ್ತು. ಟೂರ್ನಿಯ ಸ್ವಂತ ನಿಯಮ ಬೇರೆ ಇದ್ದೀತು, ಅಂಪೈರ್ ಹತ್ತಿರ ಮೊದಲೇ ಕೇಳಿಡಿ.

ನಾನಾದರೆ ಕೊಡುತ್ತಿದ್ದೆ. ಇನಿಂಗ್ಸ್ ಬದಲಾಗುವಾಗ ಹತ್ತು ನಿಮಿಷ, ಅಂದರೆ ಎರಡು-ಮೂರು ಓವರ್ ಹೋಗುತ್ತದೆ. ನೀವು 15 ಓವರ್ ಆಡಿ 70 ಹೊಡೆದು ಡಿಕ್ಲೇರ್ ಮಾಡಿದಿರಿ ಅನ್ನಿ. ಗುರಿ 183, ಎರಡು ಸಲದ ಬದಲಾವಣೆ ಕಳೆದು ಹತ್ತು ವಿಕೆಟಿಗೆ ಉಳಿಯುವುದು 40 ಓವರ್. ಫಾಲೋ ಆನ್ ಕೊಟ್ಟರೆ ಸುಮಾರು 57. ಅವರು 45 ಓವರ್ ತಡೆದು 140 ಮಾಡಿದರೂ ನಿಮಗೆ ಬೇಕಾದ್ದು 29, ಅದಕ್ಕೆ ಹತ್ತು ಓವರಾದರೂ ಇರುತ್ತದೆ.

ಮಂಜೇಶ್ವರ: ಬೌಲರ್‌ಗಳ ಅವಸ್ಥೆ ನೋಡಿ ಅಣ್ಣ. 2001ರಲ್ಲಿ ಕೋಲ್ಕತ್ತದಲ್ಲಿ ಆಸ್ಟ್ರೇಲಿಯ 274 ಲೀಡ್ ಹಿಡಿದು ಫಾಲೋ ಆನ್ ಕೊಟ್ಟಿತು. ಲಕ್ಷ್ಮಣ್ 281, ದ್ರಾವಿಡ್ 180, ಭಾರತ 657ಕ್ಕೆ ಡಿಕ್ಲೇರ್ ಮಾಡಿ 171 ರನ್ನಿನಿಂದ ಗೆದ್ದಿತು.

ಬದಿಯಡ್ಕ: ಅಲ್ಲಿ ಎರಡು ದಿನಕ್ಕಿಂತ ಹೆಚ್ಚು ಆಟ ಬಾಕಿ ಇತ್ತು. ಇಲ್ಲಿ 60 ಓವರಿನಲ್ಲಿ 657 ಯಾರು ಹೊಡೆಯುತ್ತಾರೆ! ಆದರೆ ಬೌಲರ್ ವಿಷಯ ನಿಜ. 102ಕ್ಕೆ ಅವರು 35 ಓವರ್ ಆಡಿದ್ದರೆ ತೊಂದರೆಯಿಲ್ಲ. 70 ಓವರ್ ಆಡಿದ್ದು, ಓಪನಿಂಗ್ ಬೌಲರ್‌ನ ಬಾಲು ಶಾರ್ಟ್ ಬೀಳಲು ಶುರುವಾಗಿದ್ದರೆ, ಹತ್ತು ನಿಮಿಷದ ವಿರಾಮ ಸಾಕಾಗದು. ಆಗ ಬ್ಯಾಟಿಂಗ್ ಮಾಡುವುದೇ ಅವನಿಗೆ ವಿಶ್ರಾಂತಿ.

ನೀರ್ಚಾಲು: ನಮ್ಮಲ್ಲಿ ಮ್ಯಾಟ್ ಪಿಚ್. 30 ಓವರಿನ ಪಂದ್ಯದಲ್ಲಿ ಡಿಕ್ಲೇರ್ ಮಾಡಬಹುದಾ?

ಬದಿಯಡ್ಕ: ಅದು ಬೇರೆ ಪ್ರಶ್ನೆ, ಸೀಮಿತ ಓವರಿನಲ್ಲಿ ಸಾಮಾನ್ಯವಾಗಿ ಡಿಕ್ಲರೇಶನ್ ಇರುವುದಿಲ್ಲ. ಮ್ಯಾಟ್ ಅಂದದ್ದು ಮಾತ್ರ ಮುಖ್ಯ. ಮಣ್ಣಿನ ಪಿಚ್ ಕೊನೆಯ ದಿನ ಬಿರುಕು ಬಿಡುತ್ತದೆ, ನಾಲ್ಕನೇ ಇನಿಂಗ್ಸ್ ಎದುರಾಳಿಯೇ ಆಡಲಿ ಅಂತ ಕ್ಯಾಪ್ಟನ್ ಫಾಲೋ ಆನ್ ಕೊಡದಿರುವುದು ಅದಕ್ಕೇ. ಮ್ಯಾಟಿನಲ್ಲಿ ಆ ಕಾರಣಕ್ಕೆ ಅಷ್ಟು ತೂಕವಿಲ್ಲ.

ಇನ್ನೊಂದು, ಫಾಲೋ ಆನ್ ಇರಲಿ ಡಿಕ್ಲೇರ್ ಇರಲಿ, ಎದುರಾಳಿ ಕ್ಯಾಪ್ಟನ್‌ಗೂ ಅಂಪೈರ್‌ಗೂ ಹೇಳಿದ ಮೇಲೆ ಬದಲಾಯಿಸುವ ಹಾಗಿಲ್ಲ. ಬೌಲರ್‌ಗಳನ್ನು ಕೇಳಿ ಆಮೇಲೆ ಹೇಳಿ.

ಮಂಜೇಶ್ವರ: ನಾನಾದರೆ ಈಗಲೂ 12 ಓವರ್ ಬ್ಯಾಟ್ ಮಾಡಿಯೇ ಡಿಕ್ಲೇರ್ ಮಾಡುತ್ತೇನೆ. ಮೊದಲ ಇನಿಂಗ್ಸ್ ಲೀಡಿಗೆ ಪಾಯಿಂಟ್ ಇದ್ದರೆ ಅದು ಕೈಯಲ್ಲೇ ಇದೆ, ಸೋಲುವ ದಾರಿ ಯಾಕೆ ತೆರೆಯುವುದು?